ಸೀಲು, ಚೀಟಿ, ಖಾಲಿ ಬಾಕ್ಸು: ನೇಪಾಳದ ಸರಕು ಕಲ್ಕತ್ತದಿಂದ ಬೀರ್‌ಗಂಜ್‌ಗೆ

(ತುಮಕೂರಿನಲ್ಲಿ ಒಂದು ಭಾನುವಾರ ಸಂಜೆ ಆಡಿದ ಮಾತುಗಳ ಬರಹ ರೂಪ. ಎದುರಿಗೆ ಕೂತಿದ್ದವರಲ್ಲಿ ಬಿ.ಕಾಂ ಹುಡುಗರು, ಲಾರಿ ಮಾಲೀಕರು, ಗೆರ್ಕಿನ್ ಘಟಕದಲ್ಲಿ ಕೆಲಸ ಮಾಡುವವರು ಇದ್ದರು. ಮಾತಿನಲ್ಲಿ ಎರಡೆರಡು ಸಲ ಬಂದದ್ದನ್ನು ತೆಗೆದಿದ್ದೇನೆ, ಉಳಿದದ್ದು ಹಾಗೇ ಇದೆ.)

ಹಿಂದಿನ ಸಾಲಿನಲ್ಲಿ ಕೂತಿರುವ ಲಾರಿ ಮಾಲೀಕರಿಂದಲೇ ಶುರು ಮಾಡುತ್ತೇನೆ. 2017ರ ಜುಲೈನಲ್ಲಿ ಜಿಎಸ್‌ಟಿ ಬಂತಲ್ಲ, ಅದಕ್ಕೆ ಮೊದಲು ತುಮಕೂರಿನಲ್ಲಿ ಲೋಡ್ ಮಾಡಿ ಪಾಂಡಿಚೇರಿಗೆ ಲಾರಿ ಬಿಟ್ಟವರು ಯಾರಾದರೂ ಇದ್ದೀರಾ? ಇಬ್ಬರು ಕೈ ಎತ್ತಿದ್ದೀರಿ. ಅತ್ತಿಬೆಲೆ ದಾಟಿದ ಕೂಡಲೇ ತಮಿಳುನಾಡಿನ ಚೆಕ್‌ಪೋಸ್ಟ್‌ನಲ್ಲಿ ಒಂದು ಚೀಟಿ ತಗೋಬೇಕಿತ್ತು. ಅದರ ಹೆಸರು ನೆನಪಿದೆಯಾ?

ಟ್ರಾನ್ಸಿಟ್ ಪಾಸ್. ಸರಿಯಾಗಿ ಹೇಳಿದಿರಿ.

ಆ ಚೀಟಿಯ ಅರ್ಥ ಇಷ್ಟೆ: ಈ ಲಾರಿಯಲ್ಲಿರುವ ಮಾಲು ತಮಿಳುನಾಡಿನದಲ್ಲ, ಸುಮ್ನೆ ಹಾದು ಹೋಗುತ್ತಿದೆ. ಆಚೆ ಗಡಿಯಲ್ಲಿ ಅದನ್ನು ವಾಪಸ್ ಕೊಟ್ಟು ಹೋಗಬೇಕು. ಕೊಡದೆ ಹೋದರೆ? ಮಾಲು ತಮಿಳುನಾಡಿನ ಒಳಗೇ ಮಾರಾಟವಾಯಿತು ಅಂತ ಕಾನೂನು ಲೆಕ್ಕ ಹಾಕುತ್ತಿತ್ತು. ತೆರಿಗೆ, ದಂಡ ಎರಡೂ ಗಾಡಿಯವರ ತಲೆಗೆ. ಮಾರಿಲ್ಲ ಅಂತ ಸಾಬೀತು ಮಾಡೋ ಕೆಲಸವೂ ಅವರದೇ. ಈ ಚೀಟಿ ಅರ್ಥವಾಗಿದ್ದರೆ ಇವತ್ತಿನ ವಿಷಯದಲ್ಲಿ, ಅಂದರೆ ಸಮುದ್ರವಿಲ್ಲದ ನೇಪಾಳಕ್ಕೆ ಭಾರತದ ಮೂಲಕ ಮಾಲು ಹೋಗುವ ಕಥೆಯಲ್ಲಿ, ಅರ್ಧ ನಿಮಗೆ ಆಗಲೇ ಗೊತ್ತು.

ಸಮುದ್ರ ಇಲ್ಲದ ದೇಶ ಅಂದರೆ ಎಲ್ಲರೂ ಮೊದಲು ದೂರದ ಬಗ್ಗೆ ಯೋಚಿಸುತ್ತಾರೆ. ದೂರವೂ ಒಂದು ಕಷ್ಟ ಹೌದು. ಲಿಮಾವ್ ಮತ್ತು ವೆನಬಲ್ಸ್ ಎಂಬ ಅರ್ಥಶಾಸ್ತ್ರಜ್ಞರು 2001ರಲ್ಲಿ ಕಂಟೇನರ್ ಸಾಗಣೆಯ ದರಗಳನ್ನು ಹೋಲಿಸಿ ನೋಡಿದರು. ಸಮುದ್ರದ ಮೇಲೆ ಇನ್ನೊಂದು 1,000 ಕಿ.ಮೀ. ಜಾಸ್ತಿ ಹೋದರೆ ಸುಮಾರು 190 ಡಾಲರ್ ಏರುತ್ತದೆ, ನೆಲದ ಮೇಲೆ ಅಷ್ಟೇ ದೂರಕ್ಕೆ ಸುಮಾರು 1,380 ಡಾಲರ್ ಅಂತ ಅವರ ಲೆಕ್ಕ. ಏಳು ಪಟ್ಟು. ಆದರೆ ಕಲ್ಕತ್ತದಿಂದ ನೇಪಾಳದ ಬಾಗಿಲಾದ ಬೀರ್‌ಗಂಜ್‌ಗೆ ರೈಲಿನಲ್ಲಿ ಹೆಚ್ಚುಕಮ್ಮಿ 700 ಕಿ.ಮೀ. ಮಾತ್ರ. ನಮ್ಮ ದೇಶದ ಒಳಗೆ ದೆಹಲಿಯ ವ್ಯಾಪಾರಿ ಮುಂಬೈ ಬಂದರಿನಿಂದ ಅದರ ಎರಡು ಪಟ್ಟು ದೂರದಲ್ಲಿದ್ದಾನೆ. ಅವನು ಕಠ್ಮಂಡುವಿನವನಷ್ಟು ಗೋಳಾಡುವುದಿಲ್ಲ. ಅಂದರೆ ಕಿಲೋಮೀಟರ್ ಒಂದರಿಂದಲೇ ಈ ಗೋಳು ಬರುವುದಿಲ್ಲ.

ಗೋಳು ಎಲ್ಲಿದೆ ಅಂದರೆ, ಮಾಲು ಇನ್ನೊಬ್ಬರ ಮನೆಯ ಅಂಗಳದಲ್ಲಿ ಹಾದು ಹೋಗಬೇಕು. ಆ ಮನೆಯವರಿಗೆ ಒಂದೇ ಭಯ. ನೇಪಾಳಕ್ಕೆ ಅಂತ ಬರೆದುಕೊಂಡು ಸುಂಕ ಕಟ್ಟದೆ ಒಳಗೆ ಬಂದ ಮಾಲು ಬಿಹಾರದ ಯಾವುದೋ ಗೋದಾಮಿನಲ್ಲಿ ಇಳಿದುಬಿಟ್ಟರೆ? ಸೀಲು, ಮುಚ್ಚಳಿಕೆ, ವಿಮೆ, ಹಲವು ಪ್ರತಿಗಳ ದಾಖಲೆ, ಇವೆಲ್ಲ ಹುಟ್ಟಿದ್ದು ಆ ಒಂದು ಭಯದಿಂದ. ಭಯ ಸುಳ್ಳೂ ಅಲ್ಲ. ಭಾರತದಲ್ಲಿ ಸುಂಕ ಜಾಸ್ತಿ, ನೇಪಾಳದಲ್ಲಿ ಕಡಿಮೆ ಇರುವ ಮಾಲು ಯಾವುದಿದ್ದರೂ ಅದು ದಾರಿ ತಪ್ಪುವ ಸಾಧ್ಯತೆ ಇದ್ದೇ ಇರುತ್ತದೆ.

ಕಾನೂನಿನ ವಿಷಯ ಬೇಗ ಮುಗಿಸಿಬಿಡುತ್ತೇನೆ. 1982ರ ವಿಶ್ವಸಂಸ್ಥೆಯ ಸಮುದ್ರ ಕಾನೂನಿನ 125ನೇ ವಿಧಿ, ಸಮುದ್ರವಿಲ್ಲದ ದೇಶಕ್ಕೆ ಸಮುದ್ರ ತಲುಪುವ ಹಕ್ಕಿದೆ ಅನ್ನುತ್ತದೆ. ಓದಲು ಚೆನ್ನಾಗಿದೆ. ಆದರೆ ಯಾವ ದಾರಿ, ಯಾವ ಷರತ್ತು ಅನ್ನುವುದನ್ನು ಅಕ್ಕಪಕ್ಕದ ದೇಶಗಳೇ ಕೂತು ಒಪ್ಪಂದ ಮಾಡಿಕೊಳ್ಳಬೇಕು ಅಂತ ಅದೇ ವಿಧಿ ಹೇಳುತ್ತದೆ. ಹಾಗಾಗಿ ಹಕ್ಕು ವಿಶ್ವಸಂಸ್ಥೆಯದು, ಬೀಗದ ಕೈ ಮಾತ್ರ ಪಕ್ಕದ ಮನೆಯವರದು.

ಈಗ ಒಂದು ಬಾಕ್ಸ್‌ನ ಹಿಂದೆ ಹೋಗೋಣ. ನಮ್ಮ ಲೈನಿನಲ್ಲಿ ಕಂಟೇನರ್ ಅನ್ನೋದು ಕಡಿಮೆ, ಬಾಕ್ಸ್ ಅಂತಲೇ ಅನ್ನೋದು. ನಾನು ಕಲ್ಕತ್ತದಲ್ಲಿ ಕ್ಲಿಯರಿಂಗ್ ಏಜೆಂಟರ ಹತ್ತಿರ ಕೆಲಸಕ್ಕಿದ್ದಾಗ ಇಂಥ ಬಾಕ್ಸ್‌ಗಳ ಕಾಗದ ಹಿಡಿದು ಓಡಾಡಿದವನು. ಕಠ್ಮಂಡುವಿನ ಒಬ್ಬ ವ್ಯಾಪಾರಿ ಚೀನಾದಿಂದ ಸೈಕಲ್ ಬಿಡಿಭಾಗ ತರಿಸುತ್ತಾನೆ ಅಂದುಕೊಳ್ಳಿ.

ಮೊದಲ ತೊಡಕು ಕಲ್ಕತ್ತ ಬಂದರೇ. ಅದು ಕಡಲ ದಂಡೆಯಲ್ಲಿಲ್ಲ, ಹೂಗ್ಲಿ ನದಿಯಲ್ಲಿ ಬಹಳ ಒಳಗಿದೆ. ನೀರಿನ ಆಳ ಸಾಲದು. ದೊಡ್ಡ ಹಡಗು ಅಲ್ಲಿಗೆ ಬರುವುದಿಲ್ಲ. ಬಾಕ್ಸ್ ಸಿಂಗಾಪುರದಲ್ಲೋ ಕೊಲಂಬೊದಲ್ಲೋ ಇಳಿದು, ಚಿಕ್ಕ ಹಡಗು ಹತ್ತಿ ಬರಬೇಕು. ನಮ್ಮೂರ ಬಸ್ ಬಿಟ್ಟು ಆಟೋ ಹತ್ತಿದ ಹಾಗೆ. ಆ ಆಟೋ ಯಾವಾಗ ತುಂಬುತ್ತದೋ ಆಗ ಹೊರಡೋದು.

ಬಾಕ್ಸ್ ಕಲ್ಕತ್ತದಲ್ಲಿ ಇಳಿಯಿತು. ಹಳೆಯ ಪದ್ಧತಿಯಲ್ಲಿ ಹಡಗು ಕಂಪನಿಯ ಜವಾಬ್ದಾರಿ ಅಲ್ಲಿಗೆ ಮುಗಿಯಿತು. ಮುಂದಿನದು ವ್ಯಾಪಾರಿಯದು. ಅವನ ಏಜೆಂಟ್ ಸಿಟಿಡಿ ಬರೆಯಬೇಕು. ಕಸ್ಟಮ್ಸ್ ಟ್ರಾನ್ಸಿಟ್ ಡಿಕ್ಲರೇಶನ್. ಮಾಲು ಏನು, ಎಷ್ಟು ಪೆಟ್ಟಿಗೆ, ಬೆಲೆ ಎಷ್ಟು, ಹಣಕ್ಕೆ ಬ್ಯಾಂಕ್ ಹೊಣೆ ನಿಂತು ಕೊಟ್ಟ ಪತ್ರ, ಅಂದರೆ ಎಲ್‌ಸಿ, ಅದರ ನಂಬರ್ ಯಾವುದು, ಎಲ್ಲವೂ ಅದರಲ್ಲಿ ಬರಬೇಕು, ಹಲವು ಪ್ರತಿಗಳಲ್ಲಿ. ಮಾಲು ದಾರಿಯಲ್ಲಿ ಕಾಣೆಯಾದರೆ ಭಾರತಕ್ಕೆ ನಷ್ಟವಾಗುವ ಸುಂಕಕ್ಕೆ ವಿಮೆಯೋ ಮುಚ್ಚಳಿಕೆಯೋ ಬರೆದುಕೊಡಬೇಕು. ಅಧಿಕಾರಿ ಸೀಲ್ ನೋಡಿ, ಬೇಕಾದರೆ ತನ್ನದೊಂದು ಹಾಕುತ್ತಾನೆ. ಗಡಿಯಲ್ಲಿ ರಕ್ಸೌಲ್‌ನ ಭಾರತೀಯ ಕಸ್ಟಮ್ಸ್ ಆ ಸೀಲ್ ಮುರಿದಿಲ್ಲ ಅಂತ ನೋಡಿ ಪ್ರತಿಯ ಮೇಲೆ ಬರೆದು ಕಳಿಸಬೇಕು. ಆ ಪ್ರತಿ ಕಲ್ಕತ್ತಕ್ಕೆ ವಾಪಸ್ ಬಂದಾಗ ಲೆಕ್ಕ ಚುಕ್ತಾ. ಬಂತಾ ಟ್ರಾನ್ಸಿಟ್ ಪಾಸ್ ನೆನಪಿಗೆ?

ಇಲ್ಲಿ ನನ್ನದೇ ಒಂದು ಎಡವಟ್ಟು ಹೇಳಬೇಕು. ಒಂದು ಸಲ ಇನ್‌ವಾಯ್ಸ್‌ನಲ್ಲಿ 412 ಪೆಟ್ಟಿಗೆ ಇತ್ತು. ಸಿಟಿಡಿಯಲ್ಲಿ ನಾನು 421 ಅಂತ ಟೈಪ್ ಮಾಡಿದೆ. ಎರಡು ಅಂಕಿ ಅದಲು ಬದಲು, ಅಷ್ಟೆ. ಅಧಿಕಾರಿಯ ಕಣ್ಣಲ್ಲಿ ಅದು ಅಂಕಿ ತಪ್ಪಲ್ಲ, ಒಂಬತ್ತು ಪೆಟ್ಟಿಗೆ ದಾರಿಯಲ್ಲಿ ಇಳಿಸೋ ಹುನ್ನಾರ. ಅವರ ಜಾಗದಲ್ಲಿ ಕೂತರೆ ನಾನೂ ಹಾಗೇ ಯೋಚಿಸುತ್ತಿದ್ದೆ. ತಿದ್ದುಪಡಿಗೆ ಅರ್ಜಿ, ಅದಕ್ಕೆ ಕಠ್ಮಂಡುವಿನಿಂದ ಪತ್ರ, ನಡುವೆ ಒಂದು ರಜೆ. ಬಾಕ್ಸ್ ಯಾರ್ಡಿನಲ್ಲೇ ಕೂತಿತ್ತು. ನಮ್ಮ ಯಜಮಾನರು ಬೈಯಲಿಲ್ಲ. ದಿನಾ ಬೆಳಿಗ್ಗೆ "ಏನಪ್ಪಾ, ನಿನ್ನ ಒಂಬತ್ತು ಪೆಟ್ಟಿಗೆ ಹೇಗಿವೆ?" ಅಂತ ಕೇಳೋರು. ಅದು ಬೈಗುಳಕ್ಕಿಂತ ಜಾಸ್ತಿ ನಾಟೋದು.

ಯಾರ್ಡಿನಲ್ಲಿ ಕೂತರೆ ಏನಾಗುತ್ತದೆ? ಬಾಕ್ಸ್ ವ್ಯಾಪಾರಿಯದಲ್ಲ, ಹಡಗು ಕಂಪನಿಯದು. ಇಂತಿಷ್ಟು ದಿನ ಉಚಿತ, ಆಮೇಲೆ ದಿನಕ್ಕಿಷ್ಟು ಬಾಡಿಗೆ. ಅದಕ್ಕೆ ಡಿಟೆನ್ಶನ್ ಅನ್ನುತ್ತಾರೆ. ನೇಪಾಳದ ವ್ಯಾಪಾರಿಗಳನ್ನು ಮಾತಾಡಿಸಿ ನೋಡಿ, ಸುಂಕಕ್ಕಿಂತ ಜಾಸ್ತಿ ಸಿಟ್ಟು ಅವರಿಗೆ ಈ ಒಂದು ಪದದ ಮೇಲೆ. ನೇಪಾಳಕ್ಕೆ ಬಾಕ್ಸ್ ಬಿಡಬೇಕಾದರೆ ಠೇವಣಿಯನ್ನೂ ಇಡಿಸಿಕೊಳ್ಳುತ್ತಾರೆ. ಖಾಲಿ ಬಾಕ್ಸ್ ಕಲ್ಕತ್ತಕ್ಕೆ ವಾಪಸ್ ಬಂದು ಸೇರುವ ತನಕ ಮೀಟರ್ ಓಡುತ್ತಲೇ ಇರುತ್ತದೆ.

ಬೋರ್ಡಿನ ಮೇಲೆ ಒಂದು ಲೆಕ್ಕ ಹಾಕುತ್ತೇನೆ. ಅಂಕಿಗಳು ಉದಾಹರಣೆಗೆ ನಾನೇ ಇಟ್ಟುಕೊಂಡವು, ಆದರೆ ಬಾಕ್ಸ್ ಅಲೆದಾಡುವ ರೀತಿ ಹೀಗೇ. 14 ದಿನ ಉಚಿತ, ಆಮೇಲೆ ದಿನಕ್ಕೆ 40 ಡಾಲರ್ ಅಂತಿರಲಿ. ಮೊದಲ ದಿನ ಬಾಕ್ಸ್ ಇಳಿಯಿತು. ಬ್ಯಾಂಕಿನಿಂದ ಮೂಲ ಕಾಗದ ಬರುವಾಗ ಆರನೇ ದಿನ. ಸಿಟಿಡಿ ಪಾಸಾಗುವಾಗ ಹತ್ತನೇ ದಿನ. ಆಮೇಲೆ ರೈಲಿಗೆ ಕಾಯಬೇಕು. ನಮ್ಮ ಕಂಟೇನರ್ ರೈಲಿನಲ್ಲಿ 45 ಬೋಗಿ, 20 ಅಡಿಯ ಬಾಕ್ಸ್ ಆದರೆ 90 ಹಿಡಿಯುತ್ತದೆ. ಅಷ್ಟು ಸೇರದೆ ರೈಲು ಹೊರಡದು. ಹದಿನಾಲ್ಕನೇ ದಿನ ಹೊರಟು ಹದಿನಾರಕ್ಕೆ ಬೀರ್‌ಗಂಜ್ ಮುಟ್ಟಿತು. ಅಲ್ಲಿ ನೇಪಾಳದ ಕಸ್ಟಮ್ಸ್ ಮುಗಿದು ಮಾಲು ಇಳಿಯುವಾಗ ಇಪ್ಪತ್ತೊಂದು. ಖಾಲಿ ಬಾಕ್ಸ್‌ಗಳು ರೈಲು ತುಂಬುವಷ್ಟು ಸೇರಿ ಹೊರಡುವಾಗ ಇಪ್ಪತ್ತೇಳು. ಕಲ್ಕತ್ತ ಮುಟ್ಟಿದ್ದು ಇಪ್ಪತ್ತೊಂಬತ್ತನೇ ದಿನ. ಉಚಿತ ದಿನ ಕಳೆದರೆ 15 ದಿನ ಜಾಸ್ತಿ. 600 ಡಾಲರ್.

ಈಗ ನೋಡಿ. 29 ದಿನದಲ್ಲಿ ಚಕ್ರ ಉರುಳಿದ್ದು ನಾಲ್ಕು ದಿನ. ಉಳಿದದ್ದೆಲ್ಲ ಕೂತಿದ್ದು. ಇಲ್ಲಿ ಹೊಸ ಹೆದ್ದಾರಿ ಕಟ್ಟಿ, ರೈಲಿನ ವೇಗ ಎರಡು ಪಟ್ಟು ಮಾಡಿದರೆ ಎಷ್ಟು ಉಳಿಯುತ್ತದೆ? ಎರಡು ದಿನ. ಅದಕ್ಕೇ ಸರಕು ಸಾಗಣೆಯ ಕಾರಿಡಾರ್ ಅಂದ ತಕ್ಷಣ ಸಿಮೆಂಟು ಡಾಂಬರು ಲೆಕ್ಕ ಹಾಕೋರನ್ನು ಕಂಡರೆ ನನಗೆ ಸ್ವಲ್ಪ ಅನುಮಾನ. ನೀವು ಯಾವತ್ತಾದರೂ ಇಂಥ ಬಾಕ್ಸ್ ತಡವಾಗಿದೆ ಅಂತ ಕೇಳಿದರೆ ಐದು ತಾರೀಖು ಬರೆದುಕೊಳ್ಳಿ: ಇಳಿದದ್ದು, ಬಂದರಿನ ಗೇಟು ದಾಟಿದ್ದು, ಗಡಿ ಮುಟ್ಟಿದ್ದು, ಮಾಲು ಬಿಡುಗಡೆಯಾದದ್ದು, ಖಾಲಿ ಬಾಕ್ಸ್ ವಾಪಸ್ ಸೇರಿದ್ದು. ಯಾವ ಎರಡು ತಾರೀಖಿನ ನಡುವೆ ಅಂತರ ಜಾಸ್ತಿಯೋ ರೋಗ ಅಲ್ಲಿದೆ.

ನೇಪಾಳದವರು ಈ ಅಂತರಗಳನ್ನು ಒಂದೊಂದಾಗಿ ಕತ್ತರಿಸಿದ ಕಥೆ ಸ್ವಾರಸ್ಯವಾಗಿದೆ. ಮೊದಲ ದೊಡ್ಡ ಹೆಜ್ಜೆ 2004ರಲ್ಲಿ. ಬೀರ್‌ಗಂಜ್ ಹತ್ತಿರದ ಸಿರ್ಸಿಯಾದಲ್ಲಿ ವಿಶ್ವಬ್ಯಾಂಕ್ ಸಾಲದ ನೆರವಿನಲ್ಲಿ ಒಣ ಬಂದರು ಕಟ್ಟಿ, ರಕ್ಸೌಲ್‌ನಿಂದ ಅಲ್ಲಿಗೆ ಐದೂವರೆ ಕಿ.ಮೀ.ಗೂ ಕಡಿಮೆ ಉದ್ದದ ರೈಲು ಹಳಿ ಹಾಕಿದರು. ಬೆಂಗಳೂರಿನ ವೈಟ್‌ಫೀಲ್ಡ್‌ನಲ್ಲಿ ಕಂಟೇನರ್ ಡಿಪೋ ಇದೆಯಲ್ಲ, ಅಂಥದ್ದೇ. ನೀರಿಲ್ಲ, ಹಡಗಿಲ್ಲ, ಬಂದರಿನ ಉಳಿದ ಕೆಲಸವೆಲ್ಲ ಇದೆ. ಐದು ಕಿಲೋಮೀಟರ್ ಅಂದರೆ ಇಲ್ಲಿಂದ ಕ್ಯಾತ್ಸಂದ್ರಕ್ಕೆ ಹೋದ ಹಾಗೆ. ಆದರೆ ಆ ಹಳಿಯಿಂದ ಬಾಕ್ಸ್ ರಕ್ಸೌಲ್‌ನಲ್ಲಿ ಇಳಿದು ಲಾರಿ ಹತ್ತಿ ಗಡಿಯ ಕ್ಯೂನಲ್ಲಿ ನಿಲ್ಲೋದು ತಪ್ಪಿತು.

ಆದರೆ ಆ ಹಳಿಯ ಮೇಲೆ ರೈಲು ಓಡಿಸುವ ಅವಕಾಶ ಬಹುಕಾಲ ಭಾರತ ಸರ್ಕಾರದ ಒಂದೇ ಕಂಪನಿಗೆ, ಕಾನ್‌ಕಾರ್‌ಗೆ ಇತ್ತು. 2021ರಲ್ಲಿ ಒಪ್ಪಂದ ತಿದ್ದಿ, ಪರವಾನಗಿ ಇರುವ ಖಾಸಗಿ ಕಂಟೇನರ್ ರೈಲಿನವರಿಗೂ ಬಾಗಿಲು ತೆಗೆದರು. ಅದಕ್ಕೆ ಮೊದಲು, 2016ರಲ್ಲಿ, ವಿಶಾಖಪಟ್ಟಣ ಬಂದರನ್ನೂ ಬಳಸಲು ಒಪ್ಪಿಗೆಯಾಗಿತ್ತು. ಅಲ್ಲಿಂದ ಬೀರ್‌ಗಂಜ್ ಕಲ್ಕತ್ತಕ್ಕಿಂತ ಎರಡು ಪಟ್ಟು ದೂರ. ಆದರೂ ವ್ಯಾಪಾರಿಗಳು ಆ ಕಡೆ ಹೋದರು. ಅಲ್ಲಿ ನೀರು ಆಳ, ದೊಡ್ಡ ಹಡಗು ನೇರವಾಗಿ ಬಂದು ನಿಲ್ಲುತ್ತದೆ, ಆಟೋಗೆ ಕಾಯೋ ಕಷ್ಟ ಇಲ್ಲ.

ಎಲ್ಲಕ್ಕಿಂತ ಜಾಣತನದ ಹೆಜ್ಜೆ ಮಾತ್ರ ಒಂದು ಬೀಗ. 2018ರ ಆಸುಪಾಸಿನಲ್ಲಿ ಏಷ್ಯನ್ ಡೆವಲಪ್‌ಮೆಂಟ್ ಬ್ಯಾಂಕಿನ ನೆರವಿನಿಂದ ಶುರುವಾದದ್ದು. ಎಲೆಕ್ಟ್ರಾನಿಕ್ ಸೀಲ್. ಬಾಕ್ಸ್‌ನ ಬಾಗಿಲಿಗೆ ಹಾಕುತ್ತಾರೆ. ಒಳಗೆ ಜಿಪಿಎಸ್ ಇದೆ. ಬಾಕ್ಸ್ ಎಲ್ಲಿದೆ ಅಂತ ಕಸ್ಟಮ್ಸ್‌ನವರಿಗೆ ಪರದೆಯ ಮೇಲೆ ಕಾಣುತ್ತದೆ. ದಾರಿಯಲ್ಲಿ ಯಾರಾದರೂ ಕೈ ಹಾಕಿದರೆ ಎಚ್ಚರಿಕೆ ಹೋಗುತ್ತದೆ. ಇದರ ಜೊತೆ ಕಾಗದದಲ್ಲೂ ಒಂದು ಬದಲಾವಣೆ ಮಾಡಿದರು. ನನ್ನ ಪ್ರಕಾರ ಬೀಗಕ್ಕಿಂತ ಅದೇ ದೊಡ್ಡದು. ಮಾಲು ಹತ್ತಿಸಿಕೊಂಡಾಗ ಹಡಗು ಕಂಪನಿ ಕೊಡುವ ಬಿಲ್ ಆಫ್ ಲೇಡಿಂಗ್ ಅನ್ನುವ ಕಾಗದದಲ್ಲಿ ಕೊನೆಯ ಊರು ಕಲ್ಕತ್ತ ಅಂತ ಬರೆಯುವ ಬದಲು ಬೀರ್‌ಗಂಜ್ ಅಂತ ಬರೆಯೋದು. ಆಗ ಬೀರ್‌ಗಂಜ್ ಮುಟ್ಟಿಸುವ ತನಕ ಹೊಣೆ ಹಡಗು ಕಂಪನಿಯದು. ಕಲ್ಕತ್ತದ ಕಾಗದ ಅವರೇ ಮಾಡುತ್ತಾರೆ. ವ್ಯಾಪಾರಿ ಸಿಟಿಡಿ ಬರೆಯಬೇಕಾಗಿಲ್ಲ. 412 ಅನ್ನು 421 ಮಾಡಲು ನನ್ನಂಥವನೂ ಬೇಕಾಗಿಲ್ಲ.

ಅದೇ ಲೆಕ್ಕ ಮತ್ತೆ ಹಾಕಿ. ಕಾಗದಕ್ಕೆ ಕಾಯದೆ ಬಾಕ್ಸ್ ಐದನೇ ದಿನಕ್ಕೆ ಹೊರಟಿತು ಅಂತಿಟ್ಟುಕೊಳ್ಳೋಣ. ಏಳಕ್ಕೆ ಬೀರ್‌ಗಂಜ್, ಹನ್ನೆರಡಕ್ಕೆ ಮಾಲು ಬಿಡುಗಡೆ, ಹದಿನೆಂಟಕ್ಕೆ ಖಾಲಿ ರೈಲು, ಇಪ್ಪತ್ತಕ್ಕೆ ಕಲ್ಕತ್ತ. ಆರು ದಿನ ಜಾಸ್ತಿ, 240 ಡಾಲರ್. 600 ಇದ್ದದ್ದು 240 ಆಯಿತು. ಒಳ್ಳೆಯದೇ. ಆದರೆ ಸೊನ್ನೆ ಆಗಲಿಲ್ಲ ನೋಡಿ. ಹಡಗು ಕಂಪನಿ ಎಲ್ಲ ಸೇರಿಸಿ ಒಂದೇ ದರ ಹೇಳುವುದರಿಂದ, ಉಳಿದ ದುಡ್ಡಿನಲ್ಲಿ ವ್ಯಾಪಾರಿಗೆ ಎಷ್ಟು ದಕ್ಕಿತು, ಕಂಪನಿಗೆ ಎಷ್ಟು ಹೋಯಿತು ಅನ್ನುವುದೂ ಸುಲಭವಾಗಿ ಕಾಣುವುದಿಲ್ಲ.

ಮಾಲು ದಾರಿ ತಪ್ಪುವ ಇದೇ ಭಯಕ್ಕೆ ಪೂರ್ವ ಆಫ್ರಿಕಾದವರು ಬೇರೆ ಮದ್ದು ಹುಡುಕಿದರು. ಉಗಾಂಡಾಕ್ಕೆ ಸಮುದ್ರವಿಲ್ಲ, ಅದರ ಮಾಲು ಕೀನ್ಯಾದ ಮೊಂಬಾಸಾಗೆ ಬರುತ್ತದೆ. 2014ರಿಂದ ಉಗಾಂಡಾದ ತೆರಿಗೆ ಅಧಿಕಾರಿಗಳೇ ಮೊಂಬಾಸಾದಲ್ಲಿ ಕೂರುತ್ತಾರೆ. ಮಾಲು ಬಂದರು ಬಿಡುವ ಮೊದಲೇ ಉಗಾಂಡಾದ ಸುಂಕ ಕಟ್ಟಿಬಿಡುವುದು. ಸುಂಕ ಕಟ್ಟಿದ ಮಾಲನ್ನು ದಾರಿಯಲ್ಲಿ ಇಳಿಸಿ ಯಾರಿಗೂ ಹೆಚ್ಚು ಲಾಭವಿಲ್ಲ, ಏಕೆಂದರೆ ಅವರದು ಒಂದೇ ಸುಂಕದ ಒಕ್ಕೂಟ, ದರ ಹೆಚ್ಚುಕಮ್ಮಿ ಒಂದೇ. ಭಾರತ ಮತ್ತು ನೇಪಾಳದ ನಡುವೆ ಅಂಥ ಒಕ್ಕೂಟ ಇಲ್ಲ. ಹಾಗಾಗಿ ಇಲ್ಲಿ ಬೀಗವೇ ಗತಿ.

ಬೀಗದಿಂದ ಸರಿಹೋಗದ ಒಂದು ವಿಷಯವಿದೆ, ಸಂಬಂಧ ಕೆಟ್ಟರೆ ಏನು ಅಂತ. 1989ರ ಮಾರ್ಚ್ 23ರಂದು ಭಾರತ ಮತ್ತು ನೇಪಾಳದ ವ್ಯಾಪಾರ ಹಾಗೂ ಸಾಗಣೆ ಒಪ್ಪಂದಗಳ ಅವಧಿ ಮುಗಿಯಿತು. ನವೀಕರಣ ಆಗಲಿಲ್ಲ. ಸಾಗಣೆಗೆ ಇದ್ದ 15 ಬಾಗಿಲುಗಳಲ್ಲಿ 13 ಮುಚ್ಚಿದವು. ತೆರೆದಿದ್ದದ್ದು ರಕ್ಸೌಲ್ ಮತ್ತು ಜೋಗ್‌ಬನಿ ಎರಡೇ. ಸೀಮೆಎಣ್ಣೆಗೆ ಕ್ಯೂ ನಿಂತ ಜನ ಅಡುಗೆಗೆ ಕಾಡು ಕಡಿದರು. ಮರುವರ್ಷ ಸರಿಹೋಯಿತು. 1999ರ ಸಾಗಣೆ ಒಪ್ಪಂದದಲ್ಲಿ ಒಂದು ಸಾಲು ಸೇರಿತು: ಏಳು ವರ್ಷಕ್ಕೊಮ್ಮೆ ತಾನಾಗಿಯೇ ಮುಂದುವರಿಯುವುದು. ಆ ಸಾಲಿನ ಹಿಂದೆ ಏನಿದೆ ಅನ್ನುವುದು ಕ್ಯೂನಲ್ಲಿ ನಿಂತವರಿಗೆ ಗೊತ್ತು.

ಆದರೆ 2015ರ ಸೆಪ್ಟೆಂಬರ್‌ನಲ್ಲಿ ಒಪ್ಪಂದ ಜಾರಿಯಲ್ಲಿದ್ದಾಗಲೇ ಮತ್ತೆ ದಾರಿ ಕಟ್ಟಿತು. ನೇಪಾಳದ ಹೊಸ ಸಂವಿಧಾನದ ವಿರುದ್ಧ, ಅಲ್ಲಿನ ದಕ್ಷಿಣದ ಬಯಲು ಸೀಮೆಯ ಮಧೇಶಿ ಪ್ರತಿಭಟನಕಾರರು ಬೀರ್‌ಗಂಜ್‌ನ ಗಡಿ ಸೇತುವೆಯ ಮೇಲೆ ಕೂತರು. ಭಾರತವೇ ತಡೆದದ್ದು ಅಂತ ನೇಪಾಳ, ಗಲಾಟೆ ನಿಮ್ಮ ಕಡೆಯದು ಅಂತ ಭಾರತ. ತಿಂಗಳುಗಟ್ಟಲೆ ಪೆಟ್ರೋಲ್ ಇಲ್ಲ, ಅಡುಗೆ ಅನಿಲ ಇಲ್ಲ. ಮರುವರ್ಷವೇ ನೇಪಾಳ ಚೀನಾದ ಜೊತೆ ಸಾಗಣೆ ಒಪ್ಪಂದ ಮಾಡಿಕೊಂಡಿತು. 2019ರಲ್ಲಿ ಅದರ ವಿವರ ಅಂತಿಮವಾಯಿತು. ಟಿಯಾನ್‌ಜಿನ್, ಶೆನ್‌ಜೆನ್ ಸೇರಿ ನಾಲ್ಕು ಬಂದರುಗಳು. ನಕ್ಷೆ ನೋಡಿದರೆ ಮಾತ್ರ ಎದೆ ಧಸಕ್ಕೆನ್ನುತ್ತದೆ. ಹತ್ತಿರದ ಬಂದರೂ ಸಾವಿರಾರು ಕಿಲೋಮೀಟರ್ ಆಚೆ, ನಡುವೆ ಟಿಬೆಟ್. ಗಡಿಯ ದಾರಿಗಳು ಭೂಕಂಪ, ಭೂಕುಸಿತಕ್ಕೆ ಸಿಕ್ಕವು. 2025ರ ಜುಲೈನಲ್ಲಿ ರಸುವಾಗಢಿಯ ಸೇತುವೆಯೇ ಪ್ರವಾಹದಲ್ಲಿ ಕೊಚ್ಚಿಹೋಯಿತು. ಆ ಒಪ್ಪಂದದ ಬೆಲೆ ಮಾಲು ಸಾಗಿಸುವುದರಲ್ಲಿ ಕಡಿಮೆ, ದೆಹಲಿಯ ಜೊತೆ ಮಾತಿಗೆ ಕೂತಾಗ ಜಾಸ್ತಿ. ಇಂಧನದ ಕಷ್ಟಕ್ಕೆ ನಿಜವಾಗಿ ಕೆಲಸಕ್ಕೆ ಬಂದದ್ದು ಬಿಹಾರದ ಮೋತಿಹಾರಿಯಿಂದ ನೇಪಾಳದ ಅಮ್ಲೇಖ್‌ಗಂಜ್‌ಗೆ 2019ರಲ್ಲಿ ಶುರುವಾದ 69 ಕಿ.ಮೀ. ಪೈಪ್‌ಲೈನ್. ಡೀಸೆಲ್ ಟ್ಯಾಂಕರ್ ಗಡಿಯಲ್ಲಿ ಕ್ಯೂ ನಿಲ್ಲಬೇಕು, ಪೈಪಿಗೆ ಕ್ಯೂ ಇಲ್ಲ. ಆದರೆ ಅದರ ಒಂದು ತುದಿ ಭಾರತದಲ್ಲೇ ಇದೆ ಅನ್ನುವುದನ್ನೂ ಮರೆಯಬಾರದು.

ಮಾತು ಮುಗಿಸುವ ಹೊತ್ತಿಗೆ ಗೆರ್ಕಿನ್ ಘಟಕದ ಮ್ಯಾನೇಜರ್ ಒಬ್ಬರು ಎದ್ದು ನಿಂತರು.

"ಸಾರ್, ನಮ್ಮ ಮಿಡಿ ಸೌತೆ ಪೀಪಾಯಿ ತುಂಬಿ ರೆಡಿ ಇರುತ್ತೆ, ಖಾಲಿ ಬಾಕ್ಸ್ ಸಿಗಲ್ಲ. ವೈಟ್‌ಫೀಲ್ಡ್‌ಗೋ ಚೆನ್ನೈಗೋ ಫೋನ್ ಮಾಡಿ ಮಾಡಿ ಸಾಕಾಗುತ್ತೆ. ನೇಪಾಳದವರಿಗೆ ಖಾಲಿ ಬಾಕ್ಸ್ ವಾಪಸ್ ಕಳಿಸೋದೇ ತಲೆನೋವು ಅಂತೀರಲ್ಲ. ಅಲ್ಲೇ ಏನಾದ್ರೂ ತುಂಬಿ ಕಳಿಸಬಾರದಾ?"

ತುಂಬಬಹುದು ಅಂದೆ. ಹಡಗು ಕಂಪನಿ ಒಪ್ಪಬೇಕು, ಅಷ್ಟೆ. ಆದರೆ ತುಂಬಲು ಮಾಲೆಲ್ಲಿದೆ? ನೇಪಾಳ ಹೊರಗೆ ಕಳಿಸುವ ಮಾಲಿಗಿಂತ ತರಿಸಿಕೊಳ್ಳುವ ಮಾಲಿನ ಬೆಲೆ ಹಲವು ಪಟ್ಟು. ಇದ್ದಬದ್ದ ರತ್ನಗಂಬಳಿ, ಪಶ್ಮಿನಾ ಶಾಲು ಬೆಲೆಯಲ್ಲಿ ಭಾರ, ತೂಕದಲ್ಲಿ ಹಗುರ. ಎಷ್ಟೋ ಸಲ ವಿಮಾನದಲ್ಲೇ ಹೋಗುತ್ತವೆ. 90 ಬಾಕ್ಸ್ ತುಂಬಿ ಬಂದ ರೈಲು ಹೆಚ್ಚುಕಮ್ಮಿ ಖಾಲಿಯಾಗಿ ಹೋಗುತ್ತದೆ. ಆ ಖಾಲಿ ಓಟದ ಬಾಡಿಗೆಯೂ ಬರುವ ಮಾಲಿನ ಮೇಲೇ ಬೀಳುತ್ತದೆ, ಕೊನೆಗೆ ಕಠ್ಮಂಡುವಿನ ಹುಡುಗ ಕೊಳ್ಳುವ ಸೈಕಲ್ ಚೈನಿನ ಬೆಲೆಯಲ್ಲಿ.

ಲಾರಿ ಮಾಲೀಕರೊಬ್ಬರು ಹಿಂದಿನಿಂದ ಕೂಗಿದರು: "ರಿಟರ್ನ್ ಲೋಡ್ ಇಲ್ದೆ ಹೋದ್ರೆ ನಾವೂ ಎರಡೂ ಕಡೆ ಬಾಡಿಗೆ ಕೇಳ್ತೀವಿ ಸಾರ್, ಬಿಡ್ತೀವಾ?"